ಟ್ಯಾಂಕ್ ವಾಲಿಸಿದ್ರೆ ಒಳಗೆ ಉಳಿಯೋ ನೀರೆಷ್ಟು?

ಮುಚ್ಚಳ ಇಲ್ಲದ ಒಂದು ಆಯತಾಕಾರದ ಟ್ಯಾಂಕ್ ತಗೊಳ್ಳಿ, ಒಳಗಿನ ಅಳತೆ ಉದ್ದ 60 ಸೆಂ.ಮೀ., ಅಗಲ 30, ಎತ್ತರ 40. ತುಂಬಿದ್ರೆ 72 ಲೀಟರ್ ಹಿಡಿಯತ್ತೆ. ಈಗ ತಳದಲ್ಲಿ 30 ಸೆಂ.ಮೀ. ಉದ್ದದ ಒಂದು ಅಂಚು ಇದ್ಯಲ್ಲ, ಅದನ್ನ ನೆಲದ ಮೇಲೆ ಹಾಗೇ ಊರಿಟ್ಕೊಂಡು ಆ ಕಡೆಗೆ ಟ್ಯಾಂಕನ್ನ ನಿಧಾನಕ್ಕೆ ವಾಲಿಸ್ತಾ ಹೋಗಿ. ನೀರು ತುಳುಕತ್ತೆ, ಎಲ್ಲಿಗೋ ಬಂದು ನಿಲ್ಲಿಸ್ತೀರಿ, ತುಳುಕೋದೂ ನಿಲ್ಲತ್ತೆ, ನೀರಿನ ಮಟ್ಟ ಸರಿಯಾಗಿ ಬಾಯಿಯ ಅಂಚಿಗೆ ಬಂದು ನಿಂತಿರತ್ತೆ. ಒಳಗೆ ಈಗ ಎಷ್ಟು ನೀರಿದೆ?

ಶಾಲೆ ಲೆಕ್ಕದಲ್ಲಿ ಇದು ಸಿಕ್ಕಾಪಟ್ಟೆ ಬರತ್ತೆ, ತುಂಬಾ ಜನ ಒಂದೇ ಸೂತ್ರ ಉರು ಹೊಡೆದು ಎಲ್ಲಾ ಕಡೆ ಹಾಕ್ತಾರೆ, ಅರ್ಧ ಸಲ ಸರಿ ಉತ್ತರ ಬರತ್ತೆ, ಅರ್ಧ ಸಲ ತಪ್ಪು, ತಪ್ಪಿದ್ದು ಯಾಕೆ ಅಂತ ಮಾತ್ರ ತಿಳಿಯಲ್ಲ. ಅದು ಎಲ್ಲಿ ಕೈ ಕೊಡತ್ತೆ ಅನ್ನೋದೇ ಇದರಲ್ಲಿ ನೋಡ್ಬೇಕಾದ ಭಾಗ.

ಮೊದಲು 30 ಡಿಗ್ರಿ ವಾಲಿಸೋಣ. ಟ್ಯಾಂಕ್ ಎಷ್ಟೇ ಓರೆ ಆಗ್ಲಿ, ನೀರಿನ ಮೇಲ್ಮೈ ನೆಲಕ್ಕೆ ಸಮಾನಾಂತರವಾಗೇ ಇರತ್ತೆ. ಆದ್ರೆ ಟ್ಯಾಂಕ್ ಒಳಗೆ ಕೂತು ನೋಡಿದ್ರೆ ಕಾಣೋದು ಉಲ್ಟಾ, ತಳ ನೇರವಾಗಿದೆ, ನೀರಿನ ಮೇಲ್ಮೈಯೇ 30 ಡಿಗ್ರಿ ಇಳಿಜಾರಾಗಿದೆ ಅನ್ಸತ್ತೆ. ಹಾಗೆ ನೋಡೋದೇ ಲೆಕ್ಕಕ್ಕೆ ಸುಲಭ. ವಾಲಿರೋ ಕಡೆ ಗೋಡೆಯಲ್ಲಿ ನೀರು ಪೂರ್ತಿ 40 ಸೆಂ.ಮೀ. ಇದೆ, ಅಲ್ಲಿಂದ ಎದುರುಗೋಡೆ ಕಡೆ ಹೋಗ್ತಾ ಇಳಿಯತ್ತೆ. 60 ಸೆಂ.ಮೀ. ದಾಟೋ ಅಷ್ಟರಲ್ಲಿ ಇಳಿಯೋದು 60 × tan 30°, ಅಂದ್ರೆ ಸುಮಾರು 34.6. ಹಾಗಾಗಿ ಎದುರುಗೋಡೆಯಲ್ಲಿ ನೀರು ಉಳಿದಿರೋದು 5.4 ಸೆಂ.ಮೀ. ಮಾತ್ರ. ಪಕ್ಕದಿಂದ ನೋಡಿದ್ರೆ ನೀರಿನ ಆಕಾರ ಒಂದು ತ್ರಾಪಿಜ್ಯ, ಒಂದು ಕಡೆ 40, ಇನ್ನೊಂದು ಕಡೆ 5.4, ಸರಾಸರಿ ಆಳ 22.7. ಅದನ್ನ ತಳದ ವಿಸ್ತೀರ್ಣ 1800 ಚದರ ಸೆಂ.ಮೀ.ಗೆ ಗುಣಿಸಿದ್ರೆ ಸುಮಾರು 40.8 ಲೀಟರ್. ಉದ್ದ L, ಅಗಲ B, ಎತ್ತರ H ಅಂತ ಇಟ್ಕೊಂಡ್ರೆ ಎಲ್ಲರೂ ಉರು ಹೊಡೆಯೋ ಸೂತ್ರ ಇದೇ:

V = B × L × (H − (L tan θ) / 2)

ಇಲ್ಲಿ ಒಂದು ವಿಷಯ ಗಮನಿಸಿ, ಮೊದಲು ಟ್ಯಾಂಕಲ್ಲಿ ಎಷ್ಟು ನೀರಿತ್ತು ಅಂತ ಸೂತ್ರ ಕೇಳ್ತಾನೇ ಇಲ್ಲ. ತುಂಬಿ 72 ಲೀಟರ್ ಇದ್ರೂ ಅಷ್ಟೆ, 45 ಇದ್ರೂ ಅಷ್ಟೆ, 30 ಡಿಗ್ರಿಗೆ ಬಂದಾಗ ಹೆಚ್ಚಿಗೆ ಇರೋದೆಲ್ಲ ಹೊರಗೆ ಹೋಗಿ 40.8 ಉಳಿಯತ್ತೆ. 40 ಲೀಟರ್ ಇದ್ದಿದ್ರೆ ಮಾತ್ರ ನೀರು ಅಂಚಿಗೇ ಬರ್ತಿರ್ಲಿಲ್ಲ.

ಇನ್ನೂ ವಾಲಿಸ್ತಾ ಹೋಗಿ. ಎದುರುಗೋಡೆಯ ಆ 5.4 ಸೆಂ.ಮೀ. ಕಮ್ಮಿ ಆಗ್ತಾ ಆಗ್ತಾ ಸುಮಾರು 33.7 ಡಿಗ್ರಿಗೆ ಸೊನ್ನೆ ಆಗತ್ತೆ. ಆಗ ನೀರಿನ ಮೇಲ್ಮೈ ಮೇಲಿನ ಅಂಚಿಂದ ಎದುರಿನ ತಳದ ಮೂಲೆವರೆಗೆ ಸರಿಯಾಗಿ ಕರ್ಣದ ಮೇಲೆ ಬಂದಿರತ್ತೆ, ಕರ್ಣ ಆಯತವನ್ನ ಎರಡು ಸಮ ಪಾಲು ಮಾಡತ್ತಲ್ಲ, ಹಾಗಾಗಿ ಒಳಗಿರೋದು ಸರಿಯಾಗಿ ಅರ್ಧ, 36 ಲೀಟರ್. ಸ್ಕೇಲ್ ಬೇಡ, ಕೋನ ಬೇಡ, ಯಾವ ಆಯತ ಘನದ ಪಾತ್ರೆಯನ್ನಾದ್ರೂ ಹೀಗೆ ವಾಲಿಸಿ ಅರ್ಧ ಅಳೀಬಹುದು. ನನಗೆ ಈ ಇಡೀ ಲೆಕ್ಕದಲ್ಲಿ ಇಷ್ಟ ಆಗೋದು ಈ ಒಂದು ಬಿಂದು. ಈ ಬಿಂದು ದಾಟಿದ್ರೆ ಆಟವೇ ಬೇರೆ.

45 ಡಿಗ್ರಿಗೆ ತಗೊಂಡು ಹೋಗಿ. tan 45° ಅಂದ್ರೆ 1, ಸೂತ್ರದ ಪ್ರಕಾರ ಇಳಿಯೋದು 60 ಸೆಂ.ಮೀ., ಆದ್ರೆ ಟ್ಯಾಂಕ್ ಎತ್ತರವೇ 40! ಅಂದ್ರೆ ಎದುರುಗೋಡೆಯಲ್ಲಿ ನೀರು ಮೈನಸ್ 20 ಸೆಂ.ಮೀ. ಎತ್ತರದಲ್ಲಿದೆ ಅಂತಾಯ್ತು, ತಳಕ್ಕಿಂತ 20 ಸೆಂ.ಮೀ. ಕೆಳಗೆ, ಟ್ಯಾಂಕ್ ಇಲ್ಲದ ಜಾಗದಲ್ಲಿ. ಸೂತ್ರಕ್ಕೆ ಇದರ ಪರಿವೆಯೇ ಇಲ್ಲ, ಅದು ಸುಮ್ನೆ ಸರಾಸರಿ 10 ಅಂತ ಹಾಕಿ 18 ಲೀಟರ್ ಅಂತ ಉತ್ತರ ಕೊಟ್ಬಿಡತ್ತೆ, ನೋಡೋಕೆ ಸರಿಯಾಗೇ ಇದೆ ಅನ್ಸೋ ಉತ್ತರ.

ನಿಜವಾಗಿ ಏನಾಗಿದೆ ಅಂದ್ರೆ, ನೀರು ಎದುರುಗೋಡೆಯನ್ನ ಮುಟ್ತಾನೇ ಇಲ್ಲ. ತಳದ ಒಂದಿಷ್ಟು ಭಾಗ ಒಣಗಿದೆ. ನೀರಿನ ಆಕಾರ ಈಗ ತ್ರಿಭುಜ, ಒಂದು ಬದಿ 40 ಸೆಂ.ಮೀ. ಎತ್ತರದ ಗೋಡೆ, ಇನ್ನೊಂದು ಬದಿ ತಳದಲ್ಲಿ ನೀರು ಹರಡಿರೋ ದೂರ, ಅದು 40 ÷ tan 45°, ಅಂದ್ರೆ 40 ಸೆಂ.ಮೀ. ತ್ರಿಭುಜದ ವಿಸ್ತೀರ್ಣ 800, ಅಗಲ 30ರಿಂದ ಗುಣಿಸಿ, 24 ಲೀಟರ್. ಸೂತ್ರವಾಗಿ ಬರೆದ್ರೆ:

V = B × H² / (2 tan θ)

ಇದರಲ್ಲಿ ಉದ್ದ L ಕಾಣ್ತಾನೇ ಇಲ್ಲ ನೋಡಿ. ನೀರು ಆ ಕಡೆ ಗೋಡೆಯನ್ನ ಮುಟ್ಟದೇ ಇರೋವಾಗ ಗೋಡೆ 60ರಲ್ಲಿದ್ರೇನು 600ರಲ್ಲಿದ್ರೇನು.

ಹಳೇ ಸೂತ್ರ ಆ 6 ಲೀಟರ್ ಎಲ್ಲಿ ಕಳ್ಕೊಳ್ತು ಅಂತ ಹುಡುಕಿದ್ರೆ ಚೆನ್ನಾಗಿರೋ ಒಂದು ಚಿತ್ರ ಸಿಗತ್ತೆ. ನೀರಿನ ಮೇಲ್ಮೈಯ ಗೆರೆಯನ್ನ ತಳದಿಂದ ಆಚೆಗೂ ಎಳೀರಿ, ಎದುರುಗೋಡೆಯನ್ನೂ ತಳಕ್ಕಿಂತ ಕೆಳಕ್ಕೆ ಇಳಿಸಿ, ತಳದ ಅಡಿಗೆ ಒಂದು ಸಣ್ಣ ತ್ರಿಭುಜ ಆಗತ್ತೆ. ಇಲ್ಲಿ ಅದು 20ಕ್ಕೆ 20, ವಿಸ್ತೀರ್ಣ 200. ಸೂತ್ರ ಈ ಇಲ್ಲದ ತ್ರಿಭುಜವನ್ನ ನಿಜವಾದ 800ರಿಂದ ಕಳೆದು 600 ಅಂತ ಹೇಳ್ತು. 200ನ್ನ 30ರಿಂದ ಗುಣಿಸಿ, ಅದೇ ಕಾಣೆಯಾದ 6 ಲೀಟರ್. ಹಾಗಾಗಿ ಈ ತಪ್ಪು ಯಾವತ್ತೂ ಒಂದೇ ದಿಕ್ಕಿಗೆ ಇರತ್ತೆ, ಸೂತ್ರ ನಿಜಕ್ಕಿಂತ ಕಮ್ಮಿಯೇ ಹೇಳತ್ತೆ, ಜಾಸ್ತಿ ಯಾವತ್ತೂ ಹೇಳಲ್ಲ.

ತಪ್ಪು ಸುಲಭಕ್ಕೆ ಸಿಕ್ಕಿಬೀಳದೇ ಇರೋದಕ್ಕೂ ಇದೇ ಕಾರಣ. 35 ಡಿಗ್ರಿಯಲ್ಲಿ ಆ ತ್ರಿಭುಜ ತೀರಾ ಚಿಕ್ಕದು, ಸುಮಾರು 2 ಸೆಂ.ಮೀ.ಗೆ 3 ಸೆಂ.ಮೀ., ವ್ಯತ್ಯಾಸ ಹೆಚ್ಚುಕಮ್ಮಿ 90 ಮಿ.ಲೀ. ಅಷ್ಟೆ, 34 ಲೀಟರ್ ಇರೋ ಕಡೆ ಅದ್ಯಾರಿಗೆ ಕಾಣತ್ತೆ. ಆದ್ರೆ 53 ಡಿಗ್ರಿ ಸ್ವಲ್ಪ ದಾಟಿದ ಕೂಡ್ಲೇ ಸೂತ್ರ ಟ್ಯಾಂಕ್ ಖಾಲಿ ಅನ್ನತ್ತೆ, ಒಳಗೆ ಆಗ ಪೂರ್ತಿ 18 ಲೀಟರ್ ಕೂತಿರತ್ತೆ. 60 ಡಿಗ್ರಿಗೆ ಹೋದ್ರೆ ಮೈನಸ್ 21.5 ಲೀಟರ್ ಅಂತೆ. ಮೈನಸ್ ಬಂದಾಗ ಎಲ್ಲರಿಗೂ ಅನುಮಾನ ಬರತ್ತೆ, ಅಪಾಯ ಇರೋದು ಅದಕ್ಕೂ ಮುಂಚಿನ ಜಾಗದಲ್ಲಿ.

ಪ್ರಶ್ನೆಯನ್ನ ತಿರುಗಿಸಿ ಕೇಳಿದ್ರೂ ಇದೇ ಗುಂಡಿ. ಟ್ಯಾಂಕಲ್ಲಿ ಮೊದಲೇ 30 ಸೆಂ.ಮೀ. ನೀರಿದೆ, ಎಷ್ಟು ವಾಲಿಸಿದ್ರೆ ಅಂಚಿಗೆ ಬರತ್ತೆ? ತಳ ಪೂರ್ತಿ ಮುಳುಗಿರೋವರೆಗೂ ಮಧ್ಯದಲ್ಲಿ ನೀರಿನ ಎತ್ತರ ಬದಲಾಗಲ್ಲ, ಒಂದು ಕಡೆ ಏರಿದಷ್ಟೇ ಇನ್ನೊಂದು ಕಡೆ ಇಳಿಯತ್ತೆ. ಮಧ್ಯದಿಂದ ಅಂಚಿಗೆ 30 ಸೆಂ.ಮೀ. ದೂರ, ಏರಬೇಕಾದ್ದು 10, ಅಂದ್ರೆ tan θ = 1/3, ಸುಮಾರು 18.4 ಡಿಗ್ರಿ. ಸರಿ. ಈಗ 10 ಸೆಂ.ಮೀ. ನೀರಿದ್ರೆ? ಅದೇ ದಾರಿಯಲ್ಲಿ ಹೋದ್ರೆ 30 ಏರಬೇಕು, 30 ದೂರ, 45 ಡಿಗ್ರಿ. ಆದ್ರೆ 45 ಡಿಗ್ರಿಯಲ್ಲಿ ಅಂಚಿನವರೆಗೆ 24 ಲೀಟರ್ ಹಿಡಿಯತ್ತೆ ಅಂತ ಈಗಷ್ಟೇ ನೋಡಿದ್ವಿ, ನಮ್ಮ ಹತ್ರ ಇರೋದು 18, ನೀರು ಇನ್ನೂ ಕೆಳಗೇ ಇದೆ. ತಳ ಒಣಗಿದ ಮೇಲೆ ಮಧ್ಯದ ಎತ್ತರ ಬದಲಾಗಲ್ಲ ಅನ್ನೋ ಮಾತು ನಡೆಯಲ್ಲ. ತ್ರಿಭುಜದ ಸೂತ್ರ ಹಾಕಿ, tan θ = 4/3, ಸುಮಾರು 53.1 ಡಿಗ್ರಿ. ಮೊದಲು ಅರ್ಧಕ್ಕಿಂತ ಜಾಸ್ತಿ ಇತ್ತಾ ಕಮ್ಮಿ ಇತ್ತಾ ಅಂತ ನೋಡ್ಕೊಂಡ್ರೆ ಯಾವ ಸೂತ್ರ ಅನ್ನೋದು ಅಲ್ಲೇ ತೀರ್ಮಾನ ಆಗತ್ತೆ.

ಕೈಯಲ್ಲಿ ನಿಜವಾದ ಟ್ಯಾಂಕ್ ಇದ್ರೆ ಕೋನ ಅಳೆಯೋಕೇ ಹೋಗ್ಬೇಡಿ ಅಂತೀನಿ ನಾನು. ಮೊಬೈಲ್ ಇಟ್ಟು ಕೋನ ನೋಡ್ಬಹುದು, ಆದ್ರೆ 30 ಡಿಗ್ರಿ ಹತ್ರ ಒಂದು ಡಿಗ್ರಿ ಹೆಚ್ಚುಕಮ್ಮಿ ಆದ್ರೆ ನಮ್ಮ ಟ್ಯಾಂಕಲ್ಲಿ ಒಂದೂಕಾಲು ಲೀಟರ್ ಏರುಪೇರು. ಅದರ ಬದಲು ಎದುರುಗೋಡೆಯಲ್ಲಿ ನೀರು ಎಲ್ಲಿಗೆ ಮುಟ್ಟಿದೆ ಅಂತ ಸ್ಕೇಲ್ ಇಟ್ಟು ಅಳೆದು, ಅದಕ್ಕೆ 40 ಕೂಡಿಸಿ, ಅರ್ಧ ಮಾಡಿ, 1800ರಿಂದ ಗುಣಿಸಿ. ಇಲ್ಲಿ ಒಂದು ಮಿ.ಮೀ. ತಪ್ಪಿದ್ರೆ ಹೋಗೋದು 90 ಮಿ.ಲೀ. ಮಾತ್ರ. ನೀರು ಎದುರುಗೋಡೆ ಮುಟ್ಟದೆ ತಳದಲ್ಲೇ ಮುಗಿದಿದ್ರೆ, ಊರಿರೋ ಅಂಚಿಂದ ನೀರಿನ ಕೊನೆವರೆಗಿನ ದೂರವನ್ನ 40ರಿಂದ, ಆಮೇಲೆ 30ರಿಂದ ಗುಣಿಸಿ ಅರ್ಧ ಮಾಡಿ. tan ಬೇಡ, ಕ್ಯಾಲ್ಕುಲೇಟರ್ ಕೂಡ ಬೇಡ ಅನ್ಸತ್ತೆ, ಮುಖ್ಯವಾಗಿ ಗೋಡೆಯಾ ತಳವಾ ಅನ್ನೋದು ಕಣ್ಣಿಗೇ ಕಾಣೋದ್ರಿಂದ ತಪ್ಪು ಸೂತ್ರ ಹಿಡಿಯೋ ಅವಕಾಶವೇ ಇರಲ್ಲ.

ಅಳೆಯೋವಾಗ ಕೈ ಕೊಡೋ ಇನ್ನೊಂದೆರಡು ವಿಷಯ ಇದೆ. ನೀರು ತುಳುಕೋಕೆ ಮುಂಚೆ ಅಂಚಿನ ಮೇಲೆ ಸ್ವಲ್ಪ ಉಬ್ಬಿ ನಿಲ್ಲತ್ತೆ, ಮೇಲ್ಮೈ ಎಳೆತದಿಂದ. ಉಬ್ಬು 2 ಮಿ.ಮೀ. ಅಂದ್ರೂ ಅಷ್ಟಗಲ ಮೇಲ್ಮೈಗೆ 400 ಮಿ.ಲೀ. ಹತ್ರ ಆಗತ್ತೆ, ಅದಕ್ಕೇ ಸ್ವಲ್ಪ ತುಳುಕಿಸಿ, ತುಳುಕೋದು ನಿಂತ ಮೇಲೆ ಅಳೆಯೋದು ವಾಸಿ. ಎರಡನೇದು, ಊರಿರೋ ಅಂಚು ಸಮತಟ್ಟಾಗಿರ್ಬೇಕು. ಎರಡು ಪಕ್ಕದ ಗೋಡೆಗಳಲ್ಲಿ ನೀರಿನ ಗೆರೆ ಬೇರೆ ಬೇರೆ ಕಡೆ ಮುಗಿದಿದ್ರೆ ಟ್ಯಾಂಕ್ ಅಡ್ಡಕ್ಕೂ ವಾಲಿದೆ ಅಂತ ಅರ್ಥ. ತಳ ಪೂರ್ತಿ ಮುಳುಗಿದ್ರೆ ಅದಕ್ಕೂ ಚಿಂತೆ ಇಲ್ಲ, ನಾಲ್ಕೂ ಮೂಲೆಯ ಆಳದ ಸರಾಸರಿ ತಗೊಂಡು ತಳದ ವಿಸ್ತೀರ್ಣಕ್ಕೆ ಗುಣಿಸಿದ್ರೆ ಸರಿಯಾದ ಉತ್ತರವೇ ಬರತ್ತೆ.

ಇದೇ ಆಟ ಸಿಲಿಂಡರ್ ಆಕಾರದ ದುಂಡನೆ ಲೋಟದಲ್ಲಿ ಆಡಿದ್ರೆ? ಅರ್ಧದ ಬಿಂದು ಅಲ್ಲೂ ನಡೆಯತ್ತೆ, ಮೇಲಿನ ಅಂಚಿಂದ ತಳದ ಎದುರು ತುದಿವರೆಗೆ ನೀರಿದ್ರೆ ಸರಿಯಾಗಿ ಅರ್ಧ. ಅದಕ್ಕಿಂತ ಕಮ್ಮಿ ಆದ ಮೇಲೆ ಮಾತ್ರ ತ್ರಿಭುಜವನ್ನ ಅಗಲಕ್ಕೆ ಗುಣಿಸೋ ಉಪಾಯ ಬಿದ್ದೋಗತ್ತೆ, ಯಾಕಂದ್ರೆ ಲೋಟದ ಅಗಲ ಎಲ್ಲಾ ಕಡೆ ಒಂದೇ ಇಲ್ಲ. ನೀರಿನ ಕೊನೆ ತಳದ ಸರಿಯಾಗಿ ಮಧ್ಯಕ್ಕೆ ಬಂದಾಗ ನಮ್ಮ ಟ್ಯಾಂಕಲ್ಲಾದ್ರೆ ಕಾಲು ಭಾಗ ಉಳಿಯತ್ತೆ, ಲೋಟದಲ್ಲಿ ಕಾಲಿಗಿಂತ ಕಮ್ಮಿ, ಸುಮಾರು ಶೇ. 21. ಕ್ರಿ.ಪೂ. 3ನೇ ಶತಮಾನದಲ್ಲೇ ಆರ್ಕಿಮಿಡೀಸ್ ಈ ಆಕಾರದ ಘನಫಲ ಕಂಡುಹಿಡಿದಿದ್ದ, ಲೋಟ ಸರಿಯಾಗಿ ಕೂರೋ ಚೌಕದ ಪೆಟ್ಟಿಗೆಯ ಆರನೇ ಒಂದು ಭಾಗ ಅಂತ. ಲೋಟದ ತ್ರಿಜ್ಯ 5 ಸೆಂ.ಮೀ., ಎತ್ತರ 12 ಇದ್ರೆ ಪೆಟ್ಟಿಗೆ 10 × 10 × 12, ಆರರಿಂದ ಭಾಗಿಸಿ, ಸರಿಯಾಗಿ 200 ಮಿ.ಲೀ. ದುಂಡನೆ ಪಾತ್ರೆ, ಆದ್ರೂ ಉತ್ತರದಲ್ಲಿ ಪೈ ಇಲ್ಲ.