ಕರೆ ಮಾಡದೆಯೂ ಕರಗುವ ಬ್ಯಾಲೆನ್ಸ್

ಅಮ್ಮನ ಮೊಬೈಲ್‌ಗೆ ನೂರು ರೂಪಾಯಿ ಹಾಕಿಸಿದ್ದೆ. ಟಾಕ್‌ಟೈಮ್ ಬಂದದ್ದು 81.75. ಅಮ್ಮ ಬಂದ ಕರೆ ತೆಗೆಯುತ್ತಾರೆಯೇ ಹೊರತು ತಾವಾಗಿ ಯಾರಿಗೂ ಮಾಡುವುದಿಲ್ಲ. ವಾರ ಕಳೆದು ನೋಡಿದರೆ ಉಳಿದದ್ದು 67.75. ಏಳು ದಿನಕ್ಕೆ ಹದಿನಾಲ್ಕು ರೂಪಾಯಿ, ಅಂದರೆ ದಿನಕ್ಕೆ ಸರಿಯಾಗಿ ಎರಡು. ಕರೆಯ ಖರ್ಚು ಇಷ್ಟು ಲೆಕ್ಕಾಚಾರವಾಗಿ ಬೀಳುವುದಿಲ್ಲ. ಒಂದೇ ಮೊತ್ತ ಒಂದೇ ಅಂತರದಲ್ಲಿ ಹೋಗುತ್ತಿದ್ದರೆ ಅದು ಮೌಲ್ಯವರ್ಧಿತ ಸೇವೆಯದೇ ಕೆಲಸ ಎಂದು ಅನುಮಾನಿಸಬಹುದು.

ಕಾಲರ್ ಟ್ಯೂನ್, ಕ್ರಿಕೆಟ್ ಸ್ಕೋರ್, ದಿನಭವಿಷ್ಯ ಇವೆಲ್ಲ ಆ ಗುಂಪಿನವು. ಹಲವನ್ನು ನಡೆಸುವವರು ಹೊರಗಿನ ಸಂಸ್ಥೆಗಳು. ಹಣ ಕಡಿಯುವುದು ಮೊಬೈಲ್ ಕಂಪನಿ, ಆಮೇಲೆ ಇಬ್ಬರೂ ಹಂಚಿಕೊಳ್ಳುತ್ತಾರೆ. ಪರದೆಯ ಮೇಲೆ ತಾನಾಗಿ ಮೂಡುವ ಸಂದೇಶದಲ್ಲಿ ‘OK’ ಒತ್ತಿದರೆ ಸಾಕಿತ್ತು, ಚಂದಾ ಶುರುವಾಗುತ್ತಿತ್ತು. ಮೊಬೈಲ್ ಡೇಟಾದಲ್ಲಿ ಜಾಹೀರಾತು ಮುಟ್ಟಿದರೂ ಅಷ್ಟೇ, ಏಕೆಂದರೆ ಯಾವ ನಂಬರ್ ಎಂಬುದು ಕಂಪನಿಯ ಜಾಲಕ್ಕೆ ಮೊದಲೇ ಗೊತ್ತಿರುತ್ತದೆ, ನಾವು ಟೈಪ್ ಮಾಡಬೇಕಾಗಿಲ್ಲ. ಬ್ಯಾಲೆನ್ಸ್ ಸಾಲದಿದ್ದರೂ ಕೆಲವು ಸೇವೆಗಳು ಬಿಡುವುದಿಲ್ಲ. ಕಾದಿದ್ದು, ರೀಚಾರ್ಜ್ ಬಿದ್ದ ಕೂಡಲೇ ಕಡಿದುಕೊಳ್ಳುತ್ತವೆ. ‘ಈಗಷ್ಟೇ ಹಾಕಿಸಿದೆ, ಆಗಲೇ ಹೋಯಿತು’ ಎಂಬ ಗೋಳಿಗೆ ಇದೂ ಒಂದು ಕಾರಣ.

ದೂರುಗಳು ಹೆಚ್ಚಿದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹಂತಹಂತವಾಗಿ ಬಿಗಿ ಮಾಡಿತು. ನಿಜವಾದ ಹಿಡಿತ ಸಿಕ್ಕಿದ್ದು 2013ರ ಜುಲೈ ಆದೇಶದಿಂದ. ಸೇವೆ ಕೇಳಿದ ಮೇಲೂ ಗ್ರಾಹಕರಿಂದ ಎರಡನೆಯ ಬಾರಿ ಒಪ್ಪಿಗೆ ಪಡೆಯಲೇಬೇಕು ಎಂದು ಅದು ಹೇಳಿತು. ನಿಲ್ಲಿಸುವುದಕ್ಕೆ ಎಲ್ಲ ಕಂಪನಿಗಳಿಗೂ ಸೇರಿ ಒಂದೇ ಉಚಿತ ಸಂಖ್ಯೆ ಕೊಟ್ಟಿತು: 155223. ಒಪ್ಪಿಗೆಯಿಲ್ಲದೆ ಶುರುವಾದ ಸೇವೆಯ ಬಗ್ಗೆ 24 ಗಂಟೆಯೊಳಗೆ ಹೇಳಿದರೆ ಹಣ ಮರಳಿಸಬೇಕೆಂದೂ ವಿಧಿಸಿತು. ಈ 24 ಗಂಟೆಯೇ ನನಗೆ ಅನ್ಯಾಯವೆನಿಸುತ್ತದೆ. ಇಂಗ್ಲಿಷ್ ಸಂದೇಶ ಓದಲು ಬಾರದವರಿಗೆ ಕಡಿತ ಗೊತ್ತಾಗುವುದೇ ವಾರದ ನಂತರ.

ಅಮ್ಮನ ಮೊಬೈಲ್‌ನಿಂದಲೇ ಈ ಸಂದೇಶ ಕಳುಹಿಸಿದೆ:

```
STOP
```

155223ಕ್ಕೆ ಅದು ಹೋದ ಸ್ವಲ್ಪ ಹೊತ್ತಿಗೆ ಚಾಲ್ತಿಯಲ್ಲಿರುವ ಸೇವೆಗಳ ಪಟ್ಟಿ ಬಂತು. ಇದ್ದದ್ದು ಒಂದೇ, ದಿನಭವಿಷ್ಯ. ಅದರ ಸಂಖ್ಯೆಯನ್ನು ಉತ್ತರವಾಗಿ ಕಳುಹಿಸಿದಾಗ ನಿಂತಿತೆಂಬ ಸಂದೇಶವೂ ಬಂತು. ಎಸ್‌ಎಂಎಸ್ ಬೇಡವೆಂದರೆ ಅದೇ ಸಂಖ್ಯೆಗೆ ಕರೆ ಮಾಡಬಹುದು. ಆದರೆ ಇದು ಮೊಬೈಲ್ ಕಂಪನಿಯ ಮೂಲಕ ಕಡಿತವಾಗುವ ಸೇವೆಗಳಿಗೆ ಮಾತ್ರ. ಆ್ಯಪ್ ಅಂಗಡಿಯಲ್ಲಿ ಕಾರ್ಡ್ ಅಥವಾ ಯುಪಿಐ ಮೂಲಕ ಕಟ್ಟಿದ ಚಂದಾವನ್ನು ಅಲ್ಲೇ ರದ್ದು ಮಾಡಬೇಕು.

ಹಳೆಯ ಕಡಿತಗಳು ತಿಳಿಯಬೇಕಿದ್ದರೆ ಪ್ರೀಪೇಯ್ಡ್ ಗ್ರಾಹಕರೂ ವಿವರವಾದ ಬಿಲ್ ಕೇಳಬಹುದು. ಹಿಂದಿನ ಆರು ತಿಂಗಳವರೆಗಿನ ಬಳಕೆಗೆ 50 ರೂಪಾಯಿಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ ಎಂದು 2012ರ ನಿಯಮ ಹೇಳುತ್ತದೆ. ದೂರು ಕೊಟ್ಟರೆ ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ; ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕು.

ಮರುದಿನ ಬೆಳಿಗ್ಗೆ ಅಮ್ಮನ ಬ್ಯಾಲೆನ್ಸ್ ನೋಡಿದೆ. 67.75 ಹಾಗೆಯೇ ಇತ್ತು.