ಮೂರು ತಂತಿ, ಒಂದು ದಂಡ: ಉಕ್ಕೇ ಹೆಚ್ಚು ಹೊರಬೇಕಲ್ಲವೇ?

ಪ್ರಶ್ನೆ: ಬಾಗದ ದಂಡವೊಂದನ್ನು ಎಡತುದಿಯಲ್ಲಿ ಉಕ್ಕು, ನಡುವೆ ತಾಮ್ರ, ಬಲತುದಿಯಲ್ಲಿ ಅಲ್ಯೂಮಿನಿಯಂ ತಂತಿಯಿಂದ ತೂಗುಹಾಕಿದೆ. ಭಾರ ದಂಡದ ನಟ್ಟನಡುವೆ ಇದೆ. ದಂಡ ದೃಢವಾಗಿರುವುದರಿಂದ ಮೂರೂ ತಂತಿಗಳು ಸಮನಾಗಿ ಹಿಗ್ಗುತ್ತವೆ, ಹಾಗಾಗಿ ಉಕ್ಕು ಎಲ್ಲಕ್ಕಿಂತ ಹೆಚ್ಚು ಬಲ ಹೊರಬೇಕು. ಆದರೆ ಉತ್ತರದಲ್ಲಿ ಉಕ್ಕಿಗೂ ಅಲ್ಯೂಮಿನಿಯಂಗೂ ಒಂದೇ ಬಲ ಎಂದು ಕೊಟ್ಟಿದ್ದಾರೆ. ಇದು ಅಚ್ಚಿನ ತಪ್ಪೇ?

ಅಚ್ಚಿನ ತಪ್ಪಲ್ಲ. ಈ ಪ್ರಶ್ನೆಗೆ ನಾನು ಎಷ್ಟನೆಯ ಸಲ ಉತ್ತರ ಬರೆಯುತ್ತಿದ್ದೇನೆ ಎಂಬ ಲೆಕ್ಕ ಬಿಟ್ಟು ಬಹಳ ಕಾಲವಾಯಿತು. ಪ್ರತಿಸಲವೂ ತಂತಿಯ ಲೋಹ ಬದಲಾಗುತ್ತದೆ, ಭಾರ ಬದಲಾಗುತ್ತದೆ, ‘ದೃಢವಾಗಿರುವುದರಿಂದ ಸಮನಾಗಿ ಹಿಗ್ಗುತ್ತವೆ’ ಎಂಬ ವಾಕ್ಯ ಮಾತ್ರ ಬದಲಾಗುವುದಿಲ್ಲ. ಈ ಸಲ ಆ ವಾಕ್ಯವನ್ನೇ ಹಿಡಿದು ಕೂರೋಣ. ಬಲಗಳನ್ನು ಕಂಡುಹಿಡಿಯುವ ಕೆಲಸ ಆಮೇಲೆ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ.

ಮೇಜಿನ ಮೇಲಿರುವ ಸ್ಕೇಲಿನ ಒಂದು ತುದಿಯನ್ನು ಬೆರಳಿನಿಂದ ಎತ್ತಿ. ಸ್ಕೇಲು ಓರೆಯಾಯಿತು, ಆದರೆ ಅದರ ಅಂಚು ಈಗಲೂ ನೇರವಾಗಿಯೇ ಇದೆ. ದೃಢತೆ ಎಂದರೆ ಇಷ್ಟೇ: ನೇರ ಗೆರೆ ನೇರ ಗೆರೆಯಾಗಿಯೇ ಉಳಿಯುವುದು. ಆ ಗೆರೆ ಮಟ್ಟವಾಗಿರಬೇಕು ಎಂದು ಯಾರೂ ಷರತ್ತು ಹಾಕಿಲ್ಲ. ನಮ್ಮ ಮಾತಿನಲ್ಲಿ ‘ಬಾಗು’ ಎಂಬ ಒಂದೇ ಪದ ಬಳುಕುವುದಕ್ಕೂ ವಾಲುವುದಕ್ಕೂ ಸಲ್ಲುವುದರಿಂದ ‘ಬಾಗದ ದಂಡ’ ಎಂದೊಡನೆ ಅದು ವಾಲುವುದೂ ಇಲ್ಲ ಎಂದು ಮನಸ್ಸು ಸೇರಿಸಿಕೊಂಡುಬಿಡುತ್ತದೆ ಎಂಬುದು ನನ್ನ ಗುಮಾನಿ. ಪುಸ್ತಕಗಳದ್ದೂ ಸ್ವಲ್ಪ ತಪ್ಪಿದೆ. ಮೊದಲ ಉದಾಹರಣೆಯಲ್ಲಿ ಅವು ಎರಡು ಹೊರತಂತಿಗಳನ್ನು ಒಂದೇ ಲೋಹದಿಂದ ಮಾಡಿ, ಭಾರವನ್ನು ನಡುವೆ ಇಟ್ಟು, ಎಡಬಲ ಕನ್ನಡಿಯಂತೆ ಇರುವ ಲೆಕ್ಕವನ್ನೇ ಕೊಡುತ್ತವೆ. ಅಲ್ಲಿ ಮೂರೂ ತಂತಿಗಳು ಸಮನಾಗಿ ಹಿಗ್ಗುವುದು ನಿಜ. ಆದರೆ ಅದಕ್ಕೆ ಸಮರೂಪತೆಯೂ ಬೇಕು, ದೃಢತೆಯೊಂದೇ ಸಾಲದು. ಓದುಗರು ಉತ್ತರವನ್ನು ಒಯ್ಯುತ್ತಾರೆ, ಕಾರಣವನ್ನು ಅಲ್ಲೇ ಬಿಟ್ಟು ಬರುತ್ತಾರೆ.

ಈಗ ಅಂಕಿಗಳನ್ನಿಟ್ಟು ನೋಡೋಣ. ದಂಡ 1 ಮೀಟರ್ ಉದ್ದ, ತಂತಿಗಳು ಎರಡು ತುದಿಗಳಲ್ಲಿ ಮತ್ತು ನಡುವೆ. ಪ್ರತಿ ತಂತಿಯ ಉದ್ದ 2 ಮೀಟರ್, ಅಡ್ಡಕೊಯ್ತ 2 ಚದರ ಮಿಲಿಮೀಟರ್. ದಂಡದ ತೂಕವೂ ಸೇರಿ ನಡುವಿನ ಭಾರ 600 ನ್ಯೂಟನ್. ಯಂಗ್ ಗುಣಾಂಕಗಳನ್ನು ಉಕ್ಕಿಗೆ 200, ತಾಮ್ರಕ್ಕೆ 120, ಅಲ್ಯೂಮಿನಿಯಂಗೆ 70 ಗಿಗಾಪ್ಯಾಸ್ಕಲ್ ಎಂದು ಇಟ್ಟುಕೊಳ್ಳೋಣ. ಒಂದು ತಂತಿಯನ್ನು 1 ಮಿಲಿಮೀಟರ್ ಹಿಗ್ಗಿಸಲು ಬೇಕಾಗುವ ಬಲವನ್ನು ಅದರ ಬಿಗಿತ ಎನ್ನೋಣ. ಅದು EA/L, ಅಂದರೆ ಯಂಗ್ ಗುಣಾಂಕವನ್ನು ಅಡ್ಡಕೊಯ್ತದಿಂದ ಗುಣಿಸಿ ಉದ್ದದಿಂದ ಭಾಗಿಸಿದ್ದು. ಈ ಅಳತೆಗಳಲ್ಲಿ ಉಕ್ಕಿನ ಬಿಗಿತ 200, ತಾಮ್ರದ್ದು 120, ಅಲ್ಯೂಮಿನಿಯಂನದು 70 ನ್ಯೂಟನ್. ಗುಣಾಂಕದ ಅಂಕಿಯೇ ಬಿಗಿತದ ಅಂಕಿಯೂ ಆಗಿ ಬರುವಂತೆ ಬೇಕೆಂದೇ ಅಳತೆಗಳನ್ನು ಆರಿಸಿದ್ದೇನೆ.

ಪ್ರಶ್ನೆ ಕೇಳಿದವರ ದಾರಿಯಲ್ಲೇ ಮೊದಲು ಹೋಗೋಣ. ಎಲ್ಲವೂ ಸಮನಾಗಿ ಹಿಗ್ಗಿದರೆ ಭಾರ ಬಿಗಿತದ ಅನುಪಾತದಲ್ಲಿ ಹಂಚಿಹೋಗಬೇಕು. ಒಟ್ಟು ಬಿಗಿತ 390. ಉಕ್ಕಿಗೆ 308, ತಾಮ್ರಕ್ಕೆ 185, ಅಲ್ಯೂಮಿನಿಯಂಗೆ 108 ನ್ಯೂಟನ್ ಬರುತ್ತದೆ, ದಶಾಂಶ ಬಿಟ್ಟು. ಕೂಡಿದರೆ ಸರಿಸುಮಾರು 600. ಇಲ್ಲಿಗೆ ತೃಪ್ತರಾಗಿ ಹೆಚ್ಚಿನವರು ಪೆನ್ನು ಕೆಳಗಿಡುತ್ತಾರೆ. ಆದರೆ ಇದೇ ದಂಡವನ್ನು ತಕ್ಕಡಿಯ ಕೋಲು ಎಂದುಕೊಂಡು ನೋಡಿ. ಭಾರವೂ ತಾಮ್ರದ ತಂತಿಯೂ ನಡುಬಿಂದುವಿನಲ್ಲಿವೆ, ಅವು ದಂಡವನ್ನು ಯಾವ ಕಡೆಗೂ ತಿರುಗಿಸಲಾರವು. ಉಳಿದದ್ದು ಎಡತುದಿಯಲ್ಲಿ ಮೇಲಕ್ಕೆ ಎಳೆಯುವ 308, ಬಲತುದಿಯಲ್ಲಿ ಮೇಲಕ್ಕೆ ಎಳೆಯುವ 108. ಇಂಥ ತಕ್ಕಡಿ ನಿಲ್ಲುತ್ತದೆಯೇ? ಎಡತುದಿ ಮೇಲೇಳುತ್ತದೆ, ಬಲತುದಿ ಕೆಳಗಿಳಿಯುತ್ತದೆ. ಏಳುತ್ತಿದ್ದಂತೆ ಉಕ್ಕಿನ ಹಿಗ್ಗು ಕಡಿಮೆಯಾಗಿ ಅದರ ಬಲ ಇಳಿಯುತ್ತದೆ, ಇನ್ನೊಂದು ಕಡೆ ಅಲ್ಯೂಮಿನಿಯಂ ಇನ್ನಷ್ಟು ಹಿಗ್ಗಿ ಅದರ ಬಲ ಏರುತ್ತದೆ. ಎರಡೂ ಸಮವಾಗುವವರೆಗೆ ಇದು ನಿಲ್ಲುವುದಿಲ್ಲ. ‘ಉಕ್ಕಿಗೂ ಅಲ್ಯೂಮಿನಿಯಂಗೂ ಒಂದೇ ಬಲ’ ಎಂಬ ಉತ್ತರ ಬಂದದ್ದು ಇಲ್ಲಿಂದ. ಅದಕ್ಕೆ ಲೋಹದ ಗುಣವೇ ಬೇಕಾಗಿಲ್ಲ. ಎಡಕ್ಕೆ ಉಕ್ಕು, ಬಲಕ್ಕೆ ರಬ್ಬರ್ ದಾರ ಕಟ್ಟಿದರೂ, ಭಾರ ನಟ್ಟನಡುವೆ ಇರುವವರೆಗೆ ಮತ್ತು ದಂಡದ ವಾಲು ಅತ್ಯಲ್ಪವಾಗಿರುವವರೆಗೆ, ಹೊರಗಿನ ಎರಡರ ಬಲ ಒಂದೇ.

ಎದುರು ಪಂಗಡದವರೂ ಇದ್ದಾರೆ. ಅವರು ಮೂರು ತಂತಿಗಳಿವೆ, ತಲಾ 200 ಎನ್ನುತ್ತಾರೆ. ತಮಾಷೆಯೆಂದರೆ ಅವರ ಉತ್ತರ ತಕ್ಕಡಿಯ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಬಲಗಳ ಮೊತ್ತ ಸರಿ, ಎಡಬಲವೂ ಸಮ. ಎಡವುವುದು ಹಿಗ್ಗಿನಲ್ಲಿ. ತಲಾ 200 ನ್ಯೂಟನ್ ಹೊತ್ತರೆ ಉಕ್ಕು 1 ಮಿ.ಮೀ., ಅಲ್ಯೂಮಿನಿಯಂ 2.86 ಮಿ.ಮೀ. ಹಿಗ್ಗುತ್ತವೆ. ಈ ಎರಡು ತುದಿಗಳ ನಡುವೆ ನೇರ ಗೆರೆ ಎಳೆದರೆ ಅದರ ನಡುಬಿಂದು 1.93 ಮಿ.ಮೀ. ಕೆಳಗಿರಬೇಕು, ತಾಮ್ರವೋ 1.67 ಮಾತ್ರ ಹಿಗ್ಗಿರುತ್ತದೆ. ಅಂದರೆ ದಂಡ ನಡುವೆ ಕಾಲು ಮಿಲಿಮೀಟರಿನಷ್ಟು ಮೇಲಕ್ಕೆ ಉಬ್ಬಿರಬೇಕು. ಬಾಗುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿರುವ ದಂಡವದು. ಒಬ್ಬರ ಉತ್ತರದಲ್ಲಿ ಹಿಗ್ಗು ಹೊಂದುತ್ತದೆ, ಬಲ ಹೊಂದುವುದಿಲ್ಲ. ಇನ್ನೊಬ್ಬರದರಲ್ಲಿ ಬಲ ಹೊಂದುತ್ತದೆ, ಹಿಗ್ಗು ಹೊಂದುವುದಿಲ್ಲ.

ಎರಡನ್ನೂ ಒಟ್ಟಿಗೆ ಕೇಳಿದರೆ ಉತ್ತರ ತಾನೇ ಬರುತ್ತದೆ. ಹೊರಗಿನ ಎರಡು ತಂತಿಗಳ ಬಲ ಒಂದೇ ಎಂದು ಗೊತ್ತಾಯಿತು, ಅದು F ಇರಲಿ. ನಡುವಿನದು P ಇರಲಿ.

```
ಸಮತೋಲನ:    2F + P = 600
ಹೊಂದಾಣಿಕೆ:  P/120 = (F/200 + F/70) / 2
```

ಎರಡನೆಯ ಸಾಲೇ ಹೊಂದಾಣಿಕೆಯ ಸಮೀಕರಣ. ದಂಡ ನೇರವಾಗಿ ಉಳಿಯಬೇಕಾದರೆ ನಡುವಿನ ತಂತಿಯ ಹಿಗ್ಗು ತುದಿಗಳೆರಡರ ಹಿಗ್ಗಿನ ಸರಾಸರಿಯಾಗಿರಬೇಕು ಎಂದಷ್ಟೇ ಅದು ಹೇಳುತ್ತದೆ. ಮೂರೂ ಸಮ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಅದರಿಂದ P ಎಂಬುದು F ನ 1.157 ಪಟ್ಟು ಎಂದು ಬರುತ್ತದೆ. ಮೊದಲ ಸಾಲಿನಲ್ಲಿ ಹಾಕಿದರೆ F = 190 ನ್ಯೂಟನ್, P = 220 ನ್ಯೂಟನ್. ಹಿಗ್ಗುಗಳು ಎಡದಿಂದ 0.95, 1.83, 2.72 ಮಿ.ಮೀ. ತಾಳೆ ನೋಡಿಕೊಳ್ಳಿ, ಮೊದಲ ಮತ್ತು ಕೊನೆಯದರ ಸರಾಸರಿ ನಡುವಿನದು. ಒಂದು ಮೀಟರಿಗೆ 1.8 ಮಿ.ಮೀ. ವಾಲು ಎಂದರೆ ಡಿಗ್ರಿಯ ಹತ್ತನೆಯ ಒಂದು ಪಾಲು. ತಂತಿಗಳು ಲಂಬವಾಗಿಯೇ ಇವೆ ಎಂದು ಹಿಡಿದದ್ದಕ್ಕೆ ಇದೇ ಸಮರ್ಥನೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ಅತಿ ಹೆಚ್ಚು ಹೊತ್ತದ್ದು ಅತಿ ಬಿಗಿಯಾದ ಉಕ್ಕಲ್ಲ, ತಾಮ್ರ. ಉಕ್ಕಿಗೆ ಸಾಮರ್ಥ್ಯವಿದೆ, ಆದರೆ ಅಲ್ಯೂಮಿನಿಯಂ ಆ ತುದಿಯಿಂದ ಜೋಡಿ ಕೊಡದ ಹೊರತು ಅದು ಹೊರುವಂತಿಲ್ಲ. ಬಿಗಿತದಷ್ಟೇ ಜಾಗವೂ ಮುಖ್ಯ. ತಂತಿಗಳ ಜಾಗ ಅದಲುಬದಲು ಮಾಡಿ, ಉಕ್ಕನ್ನು ನಡುವಿಗೆ ತಂದು ಇದೇ ಲೆಕ್ಕ ಮಾಡಿ ನೋಡಿ. ಆಗ ನಿಮ್ಮ ಉಕ್ಕು ನಿಮ್ಮ ಮಾತು ಉಳಿಸುತ್ತದೆ.

ಸಮನಾಗಿ ಹಿಗ್ಗುವ ಪಂಗಡಕ್ಕೆ ಒಂದು ಸಮಾಧಾನವನ್ನೂ ಕೊಡಬಲ್ಲೆ. ಇದೇ ಮೂರು ತಂತಿಗಳಲ್ಲಿ ದಂಡ ಮಟ್ಟವಾಗಿ ಇಳಿಯುವ ಒಂದೇ ಒಂದು ಜಾಗವಿದೆ. ಬಿಗಿತಗಳನ್ನೇ ತೂಕಗಳೆಂದು ಭಾವಿಸಿ ಅವುಗಳ ಗುರುತ್ವಕೇಂದ್ರ ಹುಡುಕಿ: 120 × 500 ಕ್ಕೆ 70 × 1000 ಕೂಡಿ 390 ರಿಂದ ಭಾಗಿಸಿದರೆ ಉಕ್ಕಿನ ತುದಿಯಿಂದ 333 ಮಿ.ಮೀ. ಒಟ್ಟು ಭಾರದ ಕೇಂದ್ರ ಅಲ್ಲಿಗೆ ಬರುವಂತೆ ತೂಗಿದರೆ ಮೂರೂ ತಂತಿಗಳು 1.54 ಮಿ.ಮೀ. ಹಿಗ್ಗುತ್ತವೆ, ಬಲಗಳು 308, 185, 108. ಅಂದರೆ ನಿಮ್ಮ ಉತ್ತರ ತಪ್ಪಲ್ಲ, ಬೇರೆ ಪ್ರಶ್ನೆಯದ್ದು. ಅದೇ ಭಾರವನ್ನು ಅಲ್ಯೂಮಿನಿಯಂ ತಂತಿಯ ನೇರ ಕೆಳಗೆ ತೂಗಿದರೆ ಸಮೀಕರಣಗಳು ಉಕ್ಕಿಗೆ ಋಣ 163 ನ್ಯೂಟನ್ ಎನ್ನುತ್ತವೆ. ತಂತಿ ಎಳೆಯಬಲ್ಲದು, ತಳ್ಳಲಾರದು. ಉತ್ತರದಲ್ಲಿ ಋಣ ಚಿಹ್ನೆ ಕಂಡರೆ ಆ ತಂತಿ ಜೋಲುಬಿದ್ದಿದೆ ಎಂದರ್ಥ. ಅದನ್ನು ಕೈಬಿಟ್ಟು ಉಳಿದೆರಡರಿಂದ ಲೆಕ್ಕವನ್ನು ಹೊಸದಾಗಿ ಮಾಡಬೇಕು. ಮಾಡಿದರೆ ತಾಮ್ರಕ್ಕೂ ಏನೂ ಉಳಿಯುವುದಿಲ್ಲ, ಪೂರ್ತಿ 600 ಅಲ್ಯೂಮಿನಿಯಂನ ಕೊರಳಿಗೆ.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿದೆ. ಮೂರೂ ತಂತಿಗಳು ನಿಖರವಾಗಿ 2 ಮೀಟರ್ ಇವೆ ಎಂದು ನಂಬಿದೆವಲ್ಲ, ಕತ್ತರಿಸಿದವರ ಕೈ ತಪ್ಪಿ ತಾಮ್ರ 1 ಮಿ.ಮೀ. ಹೆಚ್ಚು ಉದ್ದವಾಗಿದ್ದರೆ? ಆಗ ದಂಡದ ನಡುಭಾಗ ಮೊದಲ 1 ಮಿ.ಮೀ. ಇಳಿಯುವವರೆಗೆ ತಾಮ್ರ ಸುಮ್ಮನೆ ನೇತಾಡುತ್ತಿರುತ್ತದೆ. ಹೊಂದಾಣಿಕೆಯ ಸಾಲಿನ ಬಲಭಾಗದಲ್ಲಿ 1 ಕಳೆಯಿರಿ, ಬೇರೇನೂ ಬದಲಾಗುವುದಿಲ್ಲ. ಉತ್ತರ: ಹೊರಗಿನವಕ್ಕೆ ತಲಾ 228, ತಾಮ್ರಕ್ಕೆ 144 ನ್ಯೂಟನ್. ಎರಡು ಸಾವಿರದಲ್ಲಿ ಒಂದು ಭಾಗದ ತಪ್ಪು ತಾಮ್ರದ ಪಾಲಿನ ಮೂರನೆಯ ಒಂದಂಶವನ್ನು ನುಂಗಿತು. ಹೆಚ್ಚುವರಿ ಉದ್ದ 2.9 ಮಿ.ಮೀ. ಆದರೆ ತಾಮ್ರ ಅಲಂಕಾರಕ್ಕೆ ಮಾತ್ರ.

ತಂತಿ ಜೋಲಾಗಿದೆಯೇ ಎಂದು ಮೀಟಿ ನೋಡಬಹುದು. ಆದರೆ ಒಂದು ಲೋಹದ ದನಿಯನ್ನು ಇನ್ನೊಂದರ ದನಿಯೊಡನೆ ಹೋಲಿಸಬೇಡಿ. ನಮ್ಮ ಉದಾಹರಣೆಯಲ್ಲಿ ಉಕ್ಕು, ಅಲ್ಯೂಮಿನಿಯಂ ಎರಡೂ 190 ನ್ಯೂಟನ್ ಹೊತ್ತಿವೆ. ಮೀಟಿದರೆ ಉಕ್ಕು ಸೆಕೆಂಡಿಗೆ ಸುಮಾರು 27 ಸಲ ಕಂಪಿಸುತ್ತದೆ, ಹಗುರವಾದ ಅಲ್ಯೂಮಿನಿಯಂ ಸುಮಾರು 47 ಸಲ. ಅಲ್ಯೂಮಿನಿಯಂ ದನಿ ಏರಿದೆ, ಹಾಗಾಗಿ ಅದೇ ಹೆಚ್ಚು ಹೊತ್ತಿದೆ ಎಂದು ಬರೆಯುವವರಿಗಾಗಿ ನಾನು ಇನ್ನೊಂದು ಉತ್ತರ ಬರೆಯಲಾರೆ.