ತೂಕದ ಯಂತ್ರಕ್ಕೆ ಕಾಣದ ನೆಣ

ನನ್ನ ಚಿಕ್ಕಪ್ಪನ ಮಗ ಹಾಸನದಲ್ಲಿದ್ದಾನೆ. ವಯಸ್ಸು 42, ಕೆಲಸವೆಲ್ಲ ಕುರ್ಚಿಯ ಮೇಲೆ. ಎತ್ತರ 168 ಸೆಂಟಿಮೀಟರ್, ತೂಕ 64 ಕೆಜಿ. ಕೈಕಾಲು ಕಡ್ಡಿಯಂತೆ ಸಣ್ಣ, ಮುಖದಲ್ಲೂ ಮಾಂಸವಿಲ್ಲ. ಜೀವವಿಮೆಗೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಬೆಳಗಿನ ಬರಿಹೊಟ್ಟೆಯ ಸಕ್ಕರೆ 112, ರಕ್ತದಲ್ಲಿ ಓಡಾಡುವ ಕೊಬ್ಬಾದ ಟ್ರೈಗ್ಲಿಸರೈಡ್ 210, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 36 ಬಂತು. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’ ಎಂದು ಬರೆದಿದ್ದರು. ರಾತ್ರಿ ಫೋನ್ ಮಾಡಿದ. ‘ಅಣ್ಣ, ನಾನಿರೋದೇ ಅರವತ್ನಾಕು ಕೆಜಿ. ಇದ್ರಲ್ಲಿ ಲಿವರ್‌ಗೆ ಕೊಬ್ಬು ಎಲ್ಲಿಂದ ಬಂತು? ರಿಪೋರ್ಟ್ ಬೇರೆಯವರ್ದಿರ್ಬೇಕು.’

ರಿಪೋರ್ಟ್ ಅವನದೇ. ಅವನ ಪ್ರಶ್ನೆಯೂ ಸರಿಯಾದದ್ದೇ. ವೈದ್ಯಲೋಕಕ್ಕೆ ಅದಕ್ಕೆ ಉತ್ತರ ಸಿಗಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಅವನ ತೂಕವನ್ನು ಮೀಟರಿನಲ್ಲಿ ಹಿಡಿದ ಎತ್ತರದ ವರ್ಗದಿಂದ ಭಾಗಿಸಿದರೆ 22.7 ಬರುತ್ತದೆ. ಇದೇ ಬಿಎಂಐ. ಭಾರತೀಯರಿಗೆಂದು ಬಿಗಿ ಮಾಡಿದ ಲೆಕ್ಕದಲ್ಲೂ 23ರ ಒಳಗಿದ್ದರೆ ತೂಕ ಸರಿಯಿದೆ ಎಂದರ್ಥ. ಆದರೆ ಈ ಲೆಕ್ಕ ಹುಟ್ಟಿದ್ದು ರೋಗ ಹಿಡಿಯುವುದಕ್ಕಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟಲೆ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆಂದು ತಿಳಿಯಲು ಜನರ ಅಳತೆಗಳನ್ನು ಕಲೆಹಾಕುವಾಗ ಕಂಡುಕೊಂಡ ಸೂತ್ರ ಅದು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಈಗಿನ ಹೆಸರು ಕೊಟ್ಟರು. ಸಾವಿರಾರು ಜನರನ್ನು ಒಟ್ಟಿಗೆ ನೋಡುವಾಗ ಅದು ಉಪಯೋಗಕ್ಕೆ ಬರುತ್ತದೆ. ಒಬ್ಬನೇ ಮನುಷ್ಯ ಎದುರಿಗೆ ನಿಂತಾಗ ಅವನ 64 ಕೆಜಿಯಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು ಎಂದು ಅದು ಹೇಳಲಾರದು. ಆ ಕೊಬ್ಬು ಎಲ್ಲಿ ಕೂತಿದೆ ಎಂಬುದಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ಎಲ್ಲಿ ಕೂತಿದೆ ಎಂದು ಮೊದಲು ಗಟ್ಟಿಯಾಗಿ ಕೇಳಿದವರು ಫ್ರಾನ್ಸಿನ ಮಾರ್ಸೆ ನಗರದ ವೈದ್ಯ ಝಾಂ ವಾಗ್. ದಪ್ಪಗಿರುವವರೆಲ್ಲ ಒಂದೇ ಥರ ಕಾಯಿಲೆ ಬೀಳುವುದಿಲ್ಲ ಎಂಬುದನ್ನು ಅವರು ತಮ್ಮ ರೋಗಿಗಳಲ್ಲಿ ಗಮನಿಸಿದ್ದರು. ಸೊಂಟದ ಕೆಳಗೆ, ತೊಡೆಯಲ್ಲಿ ತುಂಬಿಕೊಂಡವರು ಬಹುಮಟ್ಟಿಗೆ ಆರೋಗ್ಯವಾಗಿರುತ್ತಿದ್ದರು. ಮೈಯ ಮೇಲ್ಭಾಗ ಮತ್ತು ಹೊಟ್ಟೆಯಲ್ಲಿ ತುಂಬಿಕೊಂಡವರಿಗೆ ಸಕ್ಕರೆ ಕಾಯಿಲೆ, ರಕ್ತನಾಳಗಳ ಗಡಸು, ಗೌಟ್ ಹೆಚ್ಚಾಗಿ ಬರುತ್ತಿತ್ತು. ಇದನ್ನು ಅವರು 1947ರಲ್ಲಿ ಬರೆದರು. ಬಹುಕಾಲ ಯಾರೂ ಅದಕ್ಕೆ ಹೆಚ್ಚು ಕಿವಿಗೊಡಲಿಲ್ಲ. 1980ರ ದಶಕದಲ್ಲಿ ಸ್ವೀಡನ್ನಿನ ಯೋಟೆಬೊರಿಯಲ್ಲಿ ಪೇರ್ ಬ್ಯೋರ್ನ್‌ಟೋರ್ಪ್ ಮತ್ತು ಸಂಗಡಿಗರು 1913ರಲ್ಲಿ ಹುಟ್ಟಿದ ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ಸೊಂಟಕ್ಕೆ ಹೋಲಿಸಿದಾಗ ಹೊಟ್ಟೆಯ ಸುತ್ತಳತೆ ಹೆಚ್ಚಿರುವುದಕ್ಕೂ ಹೃದಯಾಘಾತಕ್ಕೂ ನಂಟು ತೋರಿಸಿದ ಮೇಲೆಯೇ ವಾಗ್ ಮಾತಿಗೆ ಬೆಲೆ ಬಂದದ್ದು.

ಆಗಲೂ ಹೊಟ್ಟೆ ಎಂದರೆ ಒಂದೇ ಗುಡಾಣದಂತೆ ಲೆಕ್ಕ. ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ಕೊಬ್ಬಿವೆ ಎಂದು ಬೇರ್ಪಡಿಸಿ ತೋರಿಸಿದ್ದು ಜಪಾನಿನ ಒಸಾಕಾದ ವೈದ್ಯರು. ಯುಜಿ ಮಾಟ್ಸುಝಾವಾ ಅವರ ಗುಂಪು ಆಗ ಹೊಸದಾಗಿ ಬಂದಿದ್ದ ಸಿ.ಟಿ. ಸ್ಕ್ಯಾನನ್ನು ಹೊಕ್ಕುಳಿನ ಮಟ್ಟದಲ್ಲಿ ಹಾಯಿಸಿ ಒಂದು ಅಡ್ಡಸೀಳಿನ ಚಿತ್ರ ತೆಗೆಯಿತು. ಚರ್ಮದ ಕೆಳಗೆ, ಸ್ನಾಯುಗೋಡೆಯ ಹೊರಗೆ ಇರುವುದು ಒಂದು ಕೊಬ್ಬು. ಚಿವುಟಿದರೆ ಬೆರಳಿಗೆ ಸಿಗುವುದು ಅದೇ. ಗೋಡೆಯ ಒಳಗೆ ಕರುಳುಗಳನ್ನು ಹೊದ್ದುಕೊಂಡು, ಅವುಗಳ ಸಂದಿಯಲ್ಲಿ ತುಂಬಿಕೊಂಡಿರುವುದು ಇನ್ನೊಂದು. ಕುರಿ ಕೊಯ್ಯುವುದನ್ನು ನೋಡಿದವರಿಗೆ ಇದು ಗೊತ್ತು: ಕರುಳಿನ ಮೇಲೆ ಬಿಳಿ ಬಲೆಯಂತೆ ಹರಡಿಕೊಂಡಿರುತ್ತದಲ್ಲ, ಆ ನೆಣ. ನಮ್ಮೊಳಗೂ ಅಂಥದೇ ಪೊರೆಯಿದೆ. ಒಂದೇ ತೂಕದ, ಒಂದೇ ಸುತ್ತಳತೆಯ ಇಬ್ಬರಲ್ಲಿ ಒಬ್ಬನ ಕೊಬ್ಬು ಬಹುಪಾಲು ಹೊರಗಿತ್ತು, ಇನ್ನೊಬ್ಬನದು ಒಳಗಿತ್ತು. ಸಕ್ಕರೆ, ಟ್ರೈಗ್ಲಿಸರೈಡ್ ಏರಿದ್ದು ಒಳಗಿದ್ದವನಲ್ಲಿ. ಆ ಅಡ್ಡಸೀಳಿನಲ್ಲಿ ಒಳಕೊಬ್ಬು 100 ಚದರ ಸೆಂಟಿಮೀಟರ್ ದಾಟಿದರೆ ತೊಂದರೆ ಹೆಚ್ಚುತ್ತದೆ ಎಂಬ ಗೆರೆಯನ್ನು ಜಪಾನ್ ಆಮೇಲೆ ಎಳೆದುಕೊಂಡಿತು.

ಒಳಗಿದ್ದರೆ ಏನಾಗುತ್ತದೆ? ಕರುಳಿನ ಸುತ್ತಲಿನ ಈ ಕೊಬ್ಬಿನಿಂದ ಹೊರಡುವ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ, ಪೋರ್ಟಲ್ ಎಂಬ ಅಭಿಧಮನಿಯ ಮೂಲಕ ಮೊದಲು ಲಿವರ್‌ಗೆ ಹೋಗುತ್ತದೆ. ಒಳಕೊಬ್ಬಿನಿಂದ ಬಿಡುಗಡೆಯಾಗುವ ಕೊಬ್ಬಿನ ಆಮ್ಲ ಲಿವರ್‌ನೊಳಗೆ ಸುರಿಯುತ್ತದೆ. ಲಿವರ್ ಕೊಬ್ಬು ಕಟ್ಟುತ್ತದೆ, ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತದೆ, ನಾವು ಮಲಗಿರುವಾಗಲೂ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಬರಿಹೊಟ್ಟೆಯಲ್ಲಿ 112 ಬರುವುದು ಹೀಗೆ. ಈ ವಿವರಣೆ ಬಹಳ ಕಾಲ ಚಲಾವಣೆಯಲ್ಲಿತ್ತು. ಆದರೆ ಅಳೆದು ನೋಡಿದಾಗ ಲಿವರ್‌ಗೆ ಬರುವ ಕೊಬ್ಬಿನ ಆಮ್ಲದಲ್ಲಿ ಹೆಚ್ಚಿನದು ಚರ್ಮದಡಿಯ ಕೊಬ್ಬಿನಿಂದಲೇ ಬರುತ್ತಿತ್ತು, ಒಳಕೊಬ್ಬಿನ ಪಾಲು ಚಿಕ್ಕದು. ಹಾಗಾದರೆ ಒಳಕೊಬ್ಬು ಒಂಟಿ ಅಪರಾಧಿಯಲ್ಲ.

ನನ್ನ ಮಟ್ಟಿಗೆ ಈ ಕಥೆಯ ತಿರುವು ಇಲ್ಲಿದೆ. ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸ್ಯಾಮ್ಯುಯೆಲ್ ಕ್ಲೈನ್ ತಂಡ 15 ಮಂದಿ ಸ್ಥೂಲಕಾಯದ ಹೆಂಗಸರ ಹೊಟ್ಟೆಯ ಚರ್ಮದಡಿಯಿಂದ ಸುಮಾರು 10 ಕೆಜಿ ಕೊಬ್ಬನ್ನು ಲೈಪೊಸಕ್ಷನ್ ಮಾಡಿ ತೆಗೆಯಿತು. ಎರಡೂವರೆ ಮೂರು ತಿಂಗಳ ಮೇಲೆ ನೋಡಿದರೆ ಇನ್ಸುಲಿನ್, ರಕ್ತದೊತ್ತಡ, ಕೊಲೆಸ್ಟ್ರಾಲ್ ಯಾವುದೂ ಸುಧಾರಿಸಿರಲಿಲ್ಲ. ಇದು 2004ರಲ್ಲಿ ಪ್ರಕಟವಾಯಿತು. ಇನ್ನೊಂದು, ಹುಟ್ಟಿನಿಂದಲೇ ಚರ್ಮದಡಿ ಕೊಬ್ಬು ಕೂರದ ಲೈಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆ. ನರನರ ಕಾಣುವಷ್ಟು ತೆಳ್ಳಗಿನ ಈ ಜನ ಆರೋಗ್ಯವಂತರಾಗಿರಬೇಕಿತ್ತು. ಆದರೆ ಅವರಲ್ಲಿ ಲಿವರ್ ತುಂಬ ಕೊಬ್ಬು, ತೀವ್ರವಾದ ಸಕ್ಕರೆ ಕಾಯಿಲೆ, ಆಕಾಶಕ್ಕೇರಿದ ಟ್ರೈಗ್ಲಿಸರೈಡ್.

ಅಂದರೆ ಚರ್ಮದಡಿಯ ಕೊಬ್ಬು ಶತ್ರುವಲ್ಲ, ಅದು ಕಣಜ. ಉಂಡು ಮಿಕ್ಕ ಶಕ್ತಿಯನ್ನು ಇಡುವುದಕ್ಕೆ ದೇಹ ಮಾಡಿಕೊಂಡ ಸುರಕ್ಷಿತ ಜಾಗ. ಕಣಜ ದೊಡ್ಡದಿದ್ದವರು ಎಷ್ಟೋ ಕೆಜಿ ತುಂಬಿಕೊಂಡರೂ ರಕ್ತ ಸ್ವಚ್ಛವಾಗಿರಬಹುದು. ಕಣಜ ಚಿಕ್ಕದಿದ್ದರೆ ಐದಾರು ಕೆಜಿಗೇ ತುಂಬಿ ಕರುಳಿನ ಸುತ್ತ, ಲಿವರ್‌ನಲ್ಲಿ, ಮೇದೋಜೀರಕ ಗ್ರಂಥಿಯಲ್ಲಿ ಚೆಲ್ಲುತ್ತದೆ. ಒಳಕೊಬ್ಬು ಹೆಚ್ಚಿದೆ ಎಂದರೆ ಕಣಜ ತುಂಬಿ ಹರಿಯುತ್ತಿದೆ ಎಂಬ ಗುರುತು. ಬ್ರಿಟನ್ನಿನ ನ್ಯೂಕಾಸಲ್‌ನ ರಾಯ್ ಟೇಲರ್ ಇದನ್ನೇ ಪ್ರತಿಯೊಬ್ಬನಿಗೂ ಇರುವ ಅವನವನದೇ ಕೊಬ್ಬಿನ ಮಿತಿ ಎಂದು ಕರೆದರು.

ಭಾರತೀಯರಲ್ಲಿ ಈ ಕಣಜ ಚಿಕ್ಕದು ಎಂಬ ಸುಳಿವು ಸಿಕ್ಕಿದ್ದು ಹೊರದೇಶಕ್ಕೆ ಹೋದವರಲ್ಲಿ. 1991ರಲ್ಲಿ ಪಾಲ್ ಮೆಕೀಗ್ ಲಂಡನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರನ್ನು ಬಿಳಿಯರ ಜೊತೆ ಹೋಲಿಸಿದಾಗ ನಮ್ಮವರ ಹೊಟ್ಟೆ ದೊಡ್ಡದು, ಸಕ್ಕರೆ ಕಾಯಿಲೆ ಹೆಚ್ಚು ಎಂದು ಕಂಡಿತು. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಮ್ಮ ಮತ್ತು ಲಂಡನ್ನಿನ ಗೆಳೆಯ ಜಾನ್ ಯುಡ್ಕಿನ್ ಅವರ ಫೋಟೊವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಕ್ಕಪಕ್ಕ ಹಾಕಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನನ್ನ ತಮ್ಮನಿಗೆ ನೂರು ಮಾತು ಹೇಳುವ ಬದಲು ಆ ಫೋಟೊ ಕಳಿಸಿದೆ. ಅವನ ಬಿಎಂಐಯೂ ಹೆಚ್ಚುಕಡಿಮೆ ಅದೇ.

ಯಾಜ್ಞಿಕ್ ಇನ್ನೂ ಹಿಂದಕ್ಕೆ, ಹೆರಿಗೆ ಕೋಣೆಗೇ ಹೋಗಿದ್ದರು. ಪುಣೆ ಸುತ್ತಲ ಹಳ್ಳಿಗಳ ಮಗು ಹುಟ್ಟುವಾಗ ಸರಾಸರಿ 2.7 ಕೆಜಿ, ಇಂಗ್ಲೆಂಡಿನದು 3.5. ನಮ್ಮ ಕೂಸಿನ ಮಾಂಸಖಂಡ, ಹೊಟ್ಟೆಯ ಅಂಗಗಳು ಚಿಕ್ಕವಿದ್ದವು, ಬೆನ್ನಿನ ಮೇಲಿನ ಕೊಬ್ಬು ಮಾತ್ರ ಅಷ್ಟಾಗಿ ಕಮ್ಮಿಯಾಗಿರಲಿಲ್ಲ. ಮುಂದೆ ಎಂ.ಆರ್.ಐ. ಮಾಡಿ ನೋಡಿದಾಗ ಪುಣೆಯ ಕೂಸುಗಳ ಹೊಟ್ಟೆಯೊಳಗಿನ ಕೊಬ್ಬು ಲಂಡನ್ನಿನ ಕೂಸುಗಳಿಗಿಂತ ಹೆಚ್ಚೇ ಇತ್ತು.

ಇದಕ್ಕೆ ನಮ್ಮ ಪಕ್ಕದ ಮೈಸೂರಿನ ಕೊಡುಗೆಯೂ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಟ್ಟಿತ್ತು. 1990ರ ದಶಕದಲ್ಲಿ ಇಂಗ್ಲೆಂಡಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ಕೂಸುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಗಿಡ್ಡವಾಗಿದ್ದು, ಉದ್ದಕ್ಕೆ ಹೋಲಿಸಿದರೆ ತುಂಬಿಕೊಂಡಿದ್ದವರಲ್ಲಿ. ಯಾರೋ ನರ್ಸಮ್ಮ ಅಂದು ಹಿಡಿದ ಟೇಪು ಅರವತ್ತು ವರ್ಷಗಳ ಮೇಲೆ ಉತ್ತರ ಕೊಟ್ಟಿತೆಂದು ನೆನೆದರೆ ನನಗೆ ಕಣ್ಣು ತುಂಬುತ್ತದೆ.

ಇಷ್ಟಾದ ಮೇಲೆ ತಮ್ಮನಿಗೆ ಟೇಪು ತರಲು ಹೇಳಿದೆ. ‘ನನ್ನ ಪ್ಯಾಂಟು ಮೂವತ್ನಾಕು, ಅಂದ್ರೆ 86 ಸೆಂಟಿಮೀಟರ್, ಸರಿಯಾಗೇ ಇದೆ’ ಎಂದ. ಎಲ್ಲರೂ ತಪ್ಪುವುದು ಇಲ್ಲೇ. ಪ್ಯಾಂಟು ಕೂರುವುದು ಹೊಟ್ಟೆಯ ಕೆಳಗೆ. ಹೊಟ್ಟೆ ಬೆಳೆದರೂ ಪ್ಯಾಂಟಿನ ಅಳತೆ ವರ್ಷಗಟ್ಟಲೆ ಬದಲಾಗದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಬರಿಮೈಗೆ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಟೇಪು ಹಿಡಿಯಬೇಕು. ಹಾಗೆ ಹಿಡಿದಾಗ ಬಂದದ್ದು 93. ಭಾರತೀಯ ಗಂಡಸರಿಗೆ ಮಿತಿ 90, ಹೆಂಗಸರಿಗೆ 80. ಎತ್ತರದ ಅರ್ಧದೊಳಗಿರಬೇಕು ಎಂಬ ಲೆಕ್ಕ ಹಿಡಿದರೆ ಅವನದು 84 ದಾಟಬಾರದಿತ್ತು.

ಟೇಪಿಗೂ ಒಳಗಿನದು ಹೊರಗಿನದು ಗೊತ್ತಾಗುವುದಿಲ್ಲ, ನಿಜ. ಜಿಮ್ಮುಗಳಲ್ಲಿ ಹತ್ತಿ ನಿಲ್ಲುವ ಯಂತ್ರ ಒಳಕೊಬ್ಬಿಗೆ ಕೊಡುವ ನಂಬರೂ ಪಾದದಿಂದ ಹರಿಸಿದ ಸಣ್ಣ ವಿದ್ಯುತ್ತಿನಿಂದ ಕಟ್ಟಿದ ಅಂದಾಜು. ಇದೊಂದಕ್ಕೇ ಸಿ.ಟಿ. ಮಾಡಿಸಿ ವಿಕಿರಣ ತಗಲಿಸಿಕೊಳ್ಳಬೇಕಾಗಿಲ್ಲ. ಸುತ್ತಳತೆ ಮಿತಿ ಮೀರಿದ್ದು, ಟ್ರೈಗ್ಲಿಸರೈಡ್ ಏರಿ ಎಚ್‌ಡಿಎಲ್ ಇಳಿದಿದ್ದರೆ, ಒಳಗೆ ಚೆಲ್ಲುತ್ತಿದೆ ಎಂದು ವೈದ್ಯರು ಊಹಿಸಲು ಅದು ಸಾಕು. ತಮ್ಮನಲ್ಲಿ ಲಿವರ್ ಸ್ಕ್ಯಾನಿಂಗ್ ಕೂಡ ಅದನ್ನೇ ಹೇಳಿತ್ತು.

ಮಿತಿ ಅವನವನದೇ ಎಂದಾದರೆ ತೆಳ್ಳಗಿರುವವನೂ ತೂಕ ಇಳಿಸಬೇಕಾಗುತ್ತದೆ. ಟೇಲರ್ ತಂಡ ಇದನ್ನೂ ಪರೀಕ್ಷಿಸಿತು. ಬಿಎಂಐ 27ರ ಒಳಗಿದ್ದೂ ಸಕ್ಕರೆ ಕಾಯಿಲೆ ಬಂದ 20 ಜನ ಹಂತ ಹಂತವಾಗಿ ತೂಕ ಇಳಿಸಿದಾಗ 14 ಜನರ ಸಕ್ಕರೆ ಔಷಧಿಯಿಲ್ಲದೆ ಹತೋಟಿಗೆ ಬಂತು. 2023ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನ ಅದು, ಆದರೆ ಲಿವರ್‌ನ ಕೊಬ್ಬು ಇಳಿದದ್ದನ್ನು ಅವರು ಎಂ.ಆರ್.ಐ.ನಲ್ಲಿ ತೋರಿಸಿದ್ದಾರೆ. ಮೊದಲು ಕರಗುವುದು ಚೆಲ್ಲಿದ ಕೊಬ್ಬೇ. ಬಸ್ಕಿ ಹೊಡೆದು ಹೊಟ್ಟೆಯದನ್ನಷ್ಟೇ ಕರಗಿಸುತ್ತೇನೆ ಎನ್ನುವುದು ಆಗದ ಮಾತು, ಒಟ್ಟು ಶಕ್ತಿ ಕಮ್ಮಿಯಾದಾಗ ಅದಾಗಿಯೇ ಹೋಗುತ್ತದೆ.

ತಮ್ಮನ ವೈದ್ಯರು ನಾಲ್ಕೈದು ಕೆಜಿ ಇಳಿಸಲು ಹೇಳಿದರು. ರಾತ್ರಿಯ ಎರಡು ಮುದ್ದೆ ಒಂದಾಯಿತು, ಪಕ್ಕಕ್ಕೆ ಕಾಳಿನ ಉಪ್ಸಾರು ಜಾಸ್ತಿಯಾಯಿತು. ದಿನಕ್ಕೆ ಐದು ಸಲ ಕುಡಿಯುತ್ತಿದ್ದ ಸಕ್ಕರೆ ಹಾಕಿದ ಕಾಫಿ ಎರಡಕ್ಕಿಳಿಯಿತು. ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ಬಿರುಸಿನ ನಡಿಗೆ, ವಾರಕ್ಕೆ ಮೂರು ದಿನ ದಂಡ ಬೈಠಕ್. ಕಷ್ಟವಾದದ್ದು ಊಟ ಬಿಡುವುದಲ್ಲ, ಜನರ ಬಾಯಿ. ಊರ ಹಬ್ಬಕ್ಕೆ ಹೋದಾಗ ಅತ್ತೆ ಅವನ ಕೆನ್ನೆ ಹಿಡಿದು ‘ಯಾಕ್ಲಾ ಮಗ ಹಿಂಗ್ ಸೊರಗೋಗಿದ್ದೀಯ, ಸಕ್ರೆ ಕಾಯ್ಲೆ ಬಂತಾ?’ ಎಂದು ಅಳುವುದಕ್ಕೇ ಬಂದರು. ಐದು ತಿಂಗಳಿಗೆ ತೂಕ 59.5, ಸುತ್ತಳತೆ 86, ಬರಿಹೊಟ್ಟೆಯ ಸಕ್ಕರೆ 97, ಟ್ರೈಗ್ಲಿಸರೈಡ್ 138. ಸುತ್ತಳತೆಯಲ್ಲಿ ಇನ್ನೂ ಎರಡು ಸೆಂಟಿಮೀಟರ್ ಬಾಕಿಯಿದೆ. ಪ್ಯಾಂಟು ಈಗಲೂ ಮೂವತ್ನಾಕರದೇ, ಬೆಲ್ಟಿಗೆ ಮಾತ್ರ ಹೊಸ ತೂತು ಹೊಡೆಸಿಕೊಂಡಿದ್ದಾನೆ.